ಎಷ್ಟೊತ್ತಿಗೆ ಸರ್?

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಗಡಿಯಾರಕ್ಕೆ ಬರವಿಲ್ಲ. ರಿಸೆಪ್ಷನ್ ಗೋಡೆಯ ಮೇಲೆ ಸಾಲಾಗಿ ನಾಲ್ಕು ನೇತಾಡುತ್ತವೆ: ಬೆಂಗಳೂರು, ಲಂಡನ್, ನ್ಯೂಯಾರ್ಕ್, ಟೋಕಿಯೊ. ಕೈಯಲ್ಲೊಂದು, ಜೇಬಿನ ಮೊಬೈಲಿನಲ್ಲೊಂದು, ಲ್ಯಾಪ್‌ಟಾಪಿನ ಮೂಲೆಯಲ್ಲೊಂದು. ನೌಕರ ಎಷ್ಟು ಗಂಟೆಗೆ ಒಳಬಂದ, ಊಟಕ್ಕೆ ಎಷ್ಟು ನಿಮಿಷ ಹೊರಗಿದ್ದ ಎಂಬುದನ್ನು ಗೇಟಿನ ಯಂತ್ರ ಸೆಕೆಂಡುಗಳ ಸಮೇತ ಬರೆದಿಟ್ಟುಕೊಳ್ಳುತ್ತದೆ. ಇಷ್ಟೆಲ್ಲ ಗಡಿಯಾರಗಳ ನಡುವೆ ಕೂತು ಮೇಲಿನವರು ಬರೆಯುವ ಮೆಸೇಜಿನಲ್ಲಿ ಮಾತ್ರ ಗಂಟೆ ಎಂಬುದೇ ಇರುವುದಿಲ್ಲ. ಅಲ್ಲಿರುವುದು ‘ಸೂನ್’, ‘ಎಎಸ್‌ಎಪಿ’, ಇವೆರಡಕ್ಕೂ ಹಿರಿಯಣ್ಣನಾದ ‘ಇಒಡಿ’.

ಇಂಥದೊಂದು ಮೆಸೇಜನ್ನು ಮಾದರಿಗೆ ಇಟ್ಟುಕೊಳ್ಳೋಣ. ಜೂನ್ ತಿಂಗಳ ಒಂದು ಗುರುವಾರ, ಮಧ್ಯಾಹ್ನ 3:40. ಕ್ಲೈಂಟ್ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮ್ಯಾನೇಜರ್ ಸಾಹೇಬರು ಗ್ರೂಪಿಗೆ ಹಾಕುತ್ತಾರೆ: “ಟೀಮ್, ಕ್ಲೈಂಟ್‌ಗೆ ರಿವೈಸ್ಡ್ ಎಸ್ಟಿಮೇಟ್ ಬೇಕಂತೆ. ಎಎಸ್‌ಎಪಿ ಕಳಿಸಿ, ಲೇಟೆಸ್ಟ್ ಬೈ ಇಒಡಿ. ಕಳಿಸೋಕೆ ಸ್ವಲ್ಪ ಮುಂಚೆ ನಂಗೊಂದ್ಸಲ ತೋರಿಸಿ.” ಕೆಳಗೆ ನಾಲ್ಕು ಹೆಬ್ಬೆರಳು ಮೂಡುತ್ತವೆ. ನಾಲ್ವರಿಗೂ ಅರ್ಥವಾಗಿದೆ. ಕಷ್ಟವೇನೆಂದರೆ ನಾಲ್ವರಿಗೂ ಬೇರೆಬೇರೆಯಾಗಿ ಅರ್ಥವಾಗಿದೆ.

ಕ್ಯಾಬಿನಲ್ಲಿ ಬರುವವರಿಗೆ ದಿನ ಮುಗಿಯುವುದು ಸಂಜೆ 6:30ಕ್ಕೆ, ಕ್ಯಾಬ್ ಹೊರಡುವ ಹೊತ್ತಿಗೆ. ಮನೆಯಿಂದಲೇ ಕೆಲಸ ಮಾಡುವ ಫೈನಾನ್ಸಿನವರು ಪಂಚಾಂಗ ನೋಡದೆ ಕ್ಯಾಲೆಂಡರ್ ನೋಡುವ ಜನ. ಅವರಿಗೆ ದಿನ ರಾತ್ರಿ 11:59ರವರೆಗೂ ಜೀವಂತ. ಹತ್ತು ವರ್ಷ ಅಮೆರಿಕದವರ ಜೊತೆ ಏಗಿದ ಸೀನಿಯರ್ ಒಬ್ಬರು, ಕ್ಲೈಂಟ್‌ಗೆ ಬೇಕಾದದ್ದಾದರೆ ಕ್ಲೈಂಟಿನ ದಿನವೇ ಲೆಕ್ಕ ಎಂದುಕೊಂಡಿದ್ದಾರೆ. ನ್ಯೂಜೆರ್ಸಿಯ ಸಂಜೆ 5 ಎಂದರೆ ಜೂನ್ ತಿಂಗಳಲ್ಲಿ ನಮಗೆ ಮರುದಿನದ ನಸುಕಿನ 2:30. ಹೊಸದಾಗಿ ಸೇರಿದ ಹುಡುಗ ಇನ್ನೂ ಜಾಣ: ಸಾಹೇಬರು ನಾಳೆ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವ ತನಕ ಇವತ್ತು ಮುಗಿದಂತಲ್ಲ ಎಂಬುದು ಅವನ ಸಂಶೋಧನೆ. ಒಂದೇ ‘ಇಒಡಿ’ಯ ಮೊದಲ ಅರ್ಥಕ್ಕೂ ಕೊನೆಯ ಅರ್ಥಕ್ಕೂ ನಡುವೆ ಒಂದು ಇಡೀ ರಾತ್ರಿ ಬಿದ್ದುಕೊಂಡಿದೆ. ಆ ರಾತ್ರಿಯಲ್ಲಿ ಯಾರೋ ಒಬ್ಬರು ನಿದ್ದೆಗೆಡುತ್ತಾರೆ, ಇನ್ನೊಬ್ಬರು ಬೆಳಿಗ್ಗೆ ಬೈಸಿಕೊಳ್ಳುತ್ತಾರೆ.

ಇದರ ಮೇಲೆ ಅಮೆರಿಕದವರು ವರ್ಷಕ್ಕೆರಡು ಸಲ ಗಡಿಯಾರದ ಮುಳ್ಳು ತಿರುಗಿಸುತ್ತಾರೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ. ಹೀಗಾಗಿ ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಆದರೆ ನಮ್ಮ ಮೆಸೇಜುಗಳಲ್ಲಿ ಜೂನ್ ತಿಂಗಳಲ್ಲೂ ‘5 ಪಿಎಂ ಇಎಸ್‌ಟಿ’ ಎಂದೇ ಬರೆದಿರುತ್ತಾರೆ. ಅಕ್ಷರಶಃ ತೆಗೆದುಕೊಂಡರೆ ಅದು ಚಳಿಗಾಲದ ಲೆಕ್ಕ, ನಮ್ಮ ನಸುಕಿನ 3:30. ಬರೆದವರ ಮನಸ್ಸಿನಲ್ಲಿರುವುದು 2:30. ಇನ್ನು ‘ಐಎಸ್‌ಟಿ’ ಎಂದರೆ ಭಾರತದ್ದೇ ಎಂಬ ಭ್ರಮೆ ನಮಗೊಬ್ಬರಿಗೇ. ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಸಮಯಕ್ಕೆ ಅದೇ ಮೂರಕ್ಷರ ಬಳಸುತ್ತಾರೆ. ಡಬ್ಲಿನ್‌ನಲ್ಲಿ ಕೂತವನಿಗೆ ‘4 ಪಿಎಂ ಐಎಸ್‌ಟಿ’ ಎಂದು ಬರೆದರೆ ಅವನು ಖುಷಿಯಿಂದ ತನ್ನ ನಾಲ್ಕು ಗಂಟೆಗೇ ಬಂದು ಕೂರುತ್ತಾನೆ. ‘ಬೆಂಗಳೂರು ಸಮಯ’ ಎಂದು ಊರಿನ ಹೆಸರು ಬರೆದರೆ ಈ ತಂಟೆ ಇಲ್ಲ. ಆದರೆ ಊರಿನ ಹೆಸರು ಬರೆಯುವುದು ನಮ್ಮ ಕಾರ್ಪೊರೇಟ್ ಘನತೆಗೆ ಸ್ವಲ್ಪ ಕಡಿಮೆ.

ಕಚೇರಿಗೆ ಜ್ಞಾನೋದಯವಾಗುವುದು ಸಾಮಾನ್ಯವಾಗಿ ಎಚ್‌ಆರ್ ಮೂಲಕ. ‘ಸ್ಪಷ್ಟ ಸಂವಹನ’ ಎಂಬ ಅರ್ಧ ದಿನದ ತರಬೇತಿ, ಮಧ್ಯೆ ಸಮೋಸ. ತರಬೇತಿ ‘10ಕ್ಕೆ ಶಾರ್ಪ್’ ಎಂದಿತ್ತು, ಶುರುವಾದದ್ದು 10:35ಕ್ಕೆ. ಅಲ್ಲಿ ಕಲಿತ ಪಾಠ ಒಂದೇ: ಮಬ್ಬು ಮಾತು ಕಂಡಲ್ಲೆಲ್ಲ ಅದನ್ನು ತೆಗೆದು ಗಂಟೆ ಹಾಕಿ. ಮರುದಿನದಿಂದ ಟೀಮಿನಲ್ಲಿ ಇಂಗ್ಲಿಷ್ ಚೆನ್ನಾಗಿರುವ ಒಬ್ಬ ಹುಡುಗಿಗೆ ಮೇಲಿನವರ ಮೆಸೇಜುಗಳನ್ನು ತಿದ್ದಿ ಕಳಿಸುವ ಕೆಲಸ ಅಂಟಿಕೊಳ್ಳುತ್ತದೆ. ಅವಳ ಸಂಬಳದಲ್ಲಿ ಇದಕ್ಕೆ ಜಾಗವಿಲ್ಲ, ಅದು ಬೇರೆ ಮಾತು.

ತಿದ್ದುವವರು ಮೊದಲು ಎಡವುವುದು ಇಲ್ಲೇ. ಮೆಸೇಜಿನಲ್ಲಿ ‘ಎಎಸ್‌ಎಪಿ’ ಕಂಡ ಕೂಡಲೇ ಅದನ್ನು ಹೊಡೆದು ‘ಇಂದು ಸಂಜೆ 5:00’ ಎಂದು ಬರೆದುಬಿಡುತ್ತಾರೆ. ಓದುವುದಕ್ಕೆ ಎಷ್ಟು ನೀಟು! ಆದರೆ ಆ ಐದು ಗಂಟೆ ಬಂದದ್ದೆಲ್ಲಿಂದ? ಬರೆದವರ ತಲೆಯಲ್ಲಿ ಇರಲಿಲ್ಲ, ಕ್ಲೈಂಟ್ ಕೇಳಿರಲಿಲ್ಲ. ತಿದ್ದಿದವರು ಗಾಳಿಯಿಂದ ಹಿಡಿದು ತಂದದ್ದು. ಮಬ್ಬಾದ ಮಾತು ಓದಿದವನಿಗೆ ಕೊನೆಯ ಪಕ್ಷ ಅದು ಮಬ್ಬು ಎಂದು ಗೊತ್ತಿರುತ್ತದೆ, ಅನುಮಾನ ಬಂದರೆ ಫೋನ್ ಮಾಡಿ ಕೇಳುತ್ತಾನೆ. ಕಲ್ಪಿಸಿದ ಗಂಟೆಯನ್ನು ಯಾರೂ ಅನುಮಾನಿಸುವುದಿಲ್ಲ. ಐದು ಗಂಟೆ ಎಂದಿದೆಯಲ್ಲ ಎಂದು ಮಗುವಿನ ಡಾಕ್ಟರ್ ಅಪಾಯಿಂಟ್‌ಮೆಂಟ್ ಬಿಟ್ಟು ಕೆಲಸ ಮುಗಿಸುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಅದನ್ನು ತೆರೆದು ನೋಡಿದ್ದು ಮರುದಿನ ಸಂಜೆ. ಆದ್ದರಿಂದ ಇನ್ನೊಬ್ಬರ ಮೆಸೇಜು ತಿದ್ದುವವರಿಗೆ ಗಂಟೆ ಗೊತ್ತಿಲ್ಲದಿದ್ದರೆ ಅಲ್ಲಿ ಬರೆಯಬೇಕಾದದ್ದು ಗಂಟೆಯಲ್ಲ, ಪ್ರಶ್ನೆ. ‘ಸರ್, ಇಲ್ಲಿ ಯಾವ ದಿನ, ಎಷ್ಟೊತ್ತು?’ ಎಂದು ಜಾಗ ಬಿಟ್ಟು ವಾಪಸ್ ಕಳಿಸಬೇಕು.

ನಮ್ಮ ಹುಡುಗಿ ಹಾಗೆಯೇ ಮಾಡಿದಳು ಎಂದಿಟ್ಟುಕೊಳ್ಳಿ. ಅವಳು ಕೇಳಿದ್ದು ಎರಡೇ ಪ್ರಶ್ನೆ. “ಸರ್, ಕ್ಲೈಂಟ್ ಈ ಎಸ್ಟಿಮೇಟನ್ನ ಯಾವಾಗ ಓಪನ್ ಮಾಡ್ತಾರೆ?”

ಸಾಹೇಬರಿಗೆ ಅದು ಗೊತ್ತಿರಲಿಲ್ಲ. “ಅರ್ಜೆಂಟ್ ಅಂದ್ರಮ್ಮ” ಎಂದರು. ಮತ್ತೆ ಕೇಳಿದ್ದಕ್ಕೆ ಕ್ಲೈಂಟಿನ ಮೇಲ್ ಹುಡುಕಿದರು. ಅದರಲ್ಲಿ ಶುಕ್ರವಾರ ಬೆಳಿಗ್ಗೆ 10ರ ಮೀಟಿಂಗಿಗೆ ಬೇಕು ಎಂದು ಕಪ್ಪು ಅಕ್ಷರದಲ್ಲಿತ್ತು. ನ್ಯೂಜೆರ್ಸಿಯ ಬೆಳಿಗ್ಗೆ 10 ಅಂದರೆ ನಮ್ಮ ಶುಕ್ರವಾರ ಸಂಜೆ 7:30. ಗುರುವಾರ ಮಧ್ಯಾಹ್ನ ‘ಎಎಸ್‌ಎಪಿ’ ಎಂದು ನಾಲ್ವರ ಬಿಪಿ ಏರಿಸಿದ ಕೆಲಸಕ್ಕೆ ಒಂದು ಪೂರ್ತಿ ದಿನ, ಮೇಲೆ ಸುಮಾರು ನಾಲ್ಕು ಗಂಟೆ ಕಾಲಾವಕಾಶವಿತ್ತು. ಕ್ಲೈಂಟ್ ಗಂಟೆ ಹೇಳಿದ್ದ. ಅದನ್ನು ದಾರಿಯಲ್ಲಿ ನುಂಗಿದ್ದು ನಾವೇ.

ಎರಡನೇ ಪ್ರಶ್ನೆ: “ನೀವು ನೋಡೋಕೆ ಎಷ್ಟು ಹೊತ್ತು ಬೇಕು ಸರ್?”

ಅವರು ಒಂದು ಗಂಟೆ ಎಂದರು. ಅಲ್ಲಿಂದ ಅವಳು ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದಳು. ಮೀಟಿಂಗಿಗೆ ಮುಂಚೆ ಕ್ಲೈಂಟ್ ಓದಿಕೊಳ್ಳಲು ಒಂದು ಗಂಟೆ ಬೇಕು, ಹಾಗಾಗಿ ಎಸ್ಟಿಮೇಟ್ ಇಲ್ಲಿಂದ 6:30ಕ್ಕೆ ಹೊರಡಬೇಕು. ಅವರು ಬೆಳಿಗ್ಗೆ 9ಕ್ಕೆ ಕಾಫಿ ಹಿಡಿದು ಕೂರುವಾಗ ಅದು ಇನ್‌ಬಾಕ್ಸಿನಲ್ಲಿ ಇರುತ್ತದೆ. ಸಾಹೇಬರು ಹೇಳಿದ ತಿದ್ದುಪಡಿ ಸೇರಿಸಲು ಅದಕ್ಕೆ ಮುಂಚೆ ಒಂದು ಗಂಟೆ, ಸಾಹೇಬರು ಓದಲು ಅದಕ್ಕೂ ಮುಂಚೆ ಒಂದು ಗಂಟೆ. ಹಾಗೆ 4:30 ಆಯಿತು. ಎಂಜಿನಿಯರಿಗೆ ಹೊಸ ರೇಟು ಸಿಗದೆ ಎಸ್ಟಿಮೇಟ್ ಆಗುವುದಿಲ್ಲ, ಕೈಯಲ್ಲಿ ಮೂರೂವರೆ ಗಂಟೆಯಾದರೂ ಬೇಕು; ಆದ್ದರಿಂದ ಫೈನಾನ್ಸಿಗೆ ಮಧ್ಯಾಹ್ನ 1. ತಿದ್ದಿದ ಮೆಸೇಜು ಹೀಗಿತ್ತು:

“ಎಲ್ಲರಿಗೂ ನಮಸ್ಕಾರ. ಪರಿಷ್ಕೃತ ಎಸ್ಟಿಮೇಟನ್ನು ಕ್ಲೈಂಟ್ ನೋಡುವುದು ಜೂನ್ 27, ಶುಕ್ರವಾರ, ನಮ್ಮ ಸಂಜೆ 7:30ಕ್ಕೆ. ಫೈನಾನ್ಸ್: ಹೊಸ ರೇಟುಗಳನ್ನು ಶುಕ್ರವಾರ ಮಧ್ಯಾಹ್ನ 1ರೊಳಗೆ ಶೀಟಿಗೆ ಹಾಕಿ. ಎಂಜಿನಿಯರಿಂಗ್: ಪೂರ್ತಿ ಎಸ್ಟಿಮೇಟ್ ಸಂಜೆ 4:30ರೊಳಗೆ ನನ್ನ ಕೈಸೇರಲಿ. ನಾನು 5:30ರೊಳಗೆ ಓದಿ ತಿದ್ದುಪಡಿ ಹೇಳುತ್ತೇನೆ. 6:30ಕ್ಕೆ ಕ್ಲೈಂಟ್‌ಗೆ ಹೋಗುತ್ತದೆ. ಎಲ್ಲವೂ ಬೆಂಗಳೂರು ಸಮಯ. ಈ ಹೊತ್ತು ಯಾರಿಗಾದರೂ ಆಗದಿದ್ದರೆ ಇವತ್ತು ಸಂಜೆ 6ರೊಳಗೆ ತಿಳಿಸಿ.”

ದಿನಾಂಕದ ಪಕ್ಕ ವಾರವನ್ನೂ ಬರೆದಿದ್ದಾಳೆ, ಗಮನಿಸಿ. 27 ಎಂದು ಬರೆಯಲು ಹೋಗಿ 28 ಎಂದು ಒತ್ತಿದರೂ ‘ಶುಕ್ರವಾರ’ ಅದನ್ನು ಹಿಡಿದುಕೊಡುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲಿ ಬರೆದಿದ್ದಾಳೆ. ನಮ್ಮ 7/6 ಜೂನ್ 7 ಆದರೆ ಅಮೆರಿಕದವರಿಗೆ ಅದು ಜುಲೈ 6. ತಿಂಗಳು ತಡವಾಗಿಯೂ ಗಡುವಿನೊಳಗೇ ಕೊಟ್ಟೆ ಎಂದು ವಾದಿಸುವ ಅವಕಾಶ. ರಾತ್ರಿ 12 ಎಂದು ಎಲ್ಲೂ ಬರೆದಿಲ್ಲ. ‘ಶುಕ್ರವಾರ ರಾತ್ರಿ 12’ ಎಂದರೆ ಗುರುವಾರ ಮುಗಿದು ಶುಕ್ರವಾರ ಹುಟ್ಟುವ ಹನ್ನೆರಡೋ, ಶುಕ್ರವಾರ ಸಾಯುವ ಹನ್ನೆರಡೋ ಎಂದು ಇಬ್ಬರು ಬುದ್ಧಿವಂತರು ಬೆಳಗಾಗುವ ತನಕ ಜಗಳವಾಡಬಹುದು. ಫಾರ್ಮ್ ತುಂಬಿಸಿಕೊಳ್ಳುವ ವೆಬ್‌ಸೈಟುಗಳು 11:59 ಎಂದು ಬರೆಯುವುದು ಸುಮ್ಮನೆ ಅಲ್ಲ.

ಸಾಹೇಬರು ಓದಿದರು. ಬಹಳ ಮೆಚ್ಚಿದರು. ಒಂದೇ ಒಂದು ಬದಲಾವಣೆ ಮಾಡಿದರು. ‘ನಾನು 5:30ರೊಳಗೆ ಓದಿ ತಿದ್ದುಪಡಿ ಹೇಳುತ್ತೇನೆ’ ಎಂಬುದನ್ನು ಹೊಡೆದು ‘ನಾನು ನೋಡಿ ಬೇಗ ತಿಳಿಸುತ್ತೇನೆ’ ಎಂದು ಹಾಕಿದರು. “ಟೋನ್ ಸ್ವಲ್ಪ ಬಿಗಿಯಾಗಿತ್ತು, ಸಡಿಲ ಮಾಡ್ದೆ” ಎಂದರು.

ಇಡೀ ವ್ಯವಹಾರದ ಗುಟ್ಟು ಈ ಒಂದು ಗೀಟಿನಲ್ಲಿದೆ. ‘ಆದಷ್ಟು ಬೇಗ’ ಎಂದವನು ಅವಸರದಲ್ಲಿದ್ದಾನೆ ಎಂದು ನಾವು ತಪ್ಪು ತಿಳಿಯುತ್ತೇವೆ. ಅವನು ತನ್ನ ಆಯ್ಕೆಗಳನ್ನು ಜೇಬಿನಲ್ಲಿ ಉಳಿಸಿಕೊಳ್ಳುತ್ತಿದ್ದಾನೆ. ಗಂಟೆ ಹೇಳದಿದ್ದರೆ ಆರಕ್ಕೂ ಬೈಯಬಹುದು, ಒಂಬತ್ತಕ್ಕೂ ಬೈಯಬಹುದು, ಬೇಕಿಲ್ಲದಿದ್ದರೆ ಮರೆತೂ ಬಿಡಬಹುದು. 4:30 ಎಂದು ಬರೆದ ಕ್ಷಣ ಅವನ ಕೈಯೂ ಕಟ್ಟಿತು: ನಾಲ್ಕು ಗಂಟೆಗೆ ‘ಇನ್ನೂ ಆಗಿಲ್ವಾ?’ ಎಂದು ಕೇಳುವ ಹಕ್ಕು ಹೋಯಿತು. 4:25ಕ್ಕೆ ಕೊಟ್ಟವರನ್ನು ತಡಮಾಡಿದವರ ಪಟ್ಟಿಗೆ ಸೇರಿಸುವಂತಿಲ್ಲ. ಅಪ್ರೈಸಲ್ ಸಮಯದಲ್ಲಿ ‘ರೆಸ್ಪಾನ್ಸಿವ್ ಅಲ್ಲ’ ಎಂದು ಬರೆಯಲು ಬೇಕಾಗುವ ಕಚ್ಚಾಮಾಲೇ ಮಾಯ. ಹಾಗಾಗಿ ಕೆಳಗಿನವರ ಸಾಲಿನಲ್ಲಿ ಗಂಟೆ ಇರಲಿ, ತಮ್ಮ ಸಾಲಿನಲ್ಲಿ ‘ಬೇಗ’ ಇರಲಿ ಎಂಬುದು ಮೇಲಿನವರ ನಿಲುವು.

ಇದು ಬರೀ ಐಟಿಯವರ ರೋಗ ಎಂದು ಹಳೇ ಮೈಸೂರಿನ ನಿವೃತ್ತ ಹೆಡ್‌ಕ್ಲರ್ಕುಗಳು ನಗುವ ಅಗತ್ಯವಿಲ್ಲ. ದೇಶದ ಅತಿ ದೊಡ್ಡ ದಾಖಲೆಯಲ್ಲೇ ಈ ತಿದ್ದುವಿಕೆ ನಡೆದಿದೆ, ಅದೂ ಉಲ್ಟಾ ದಿಕ್ಕಿನಲ್ಲಿ. ಸಂಸತ್ತು ಪಾಸು ಮಾಡಿದ ಮಸೂದೆಯನ್ನು ರಾಷ್ಟ್ರಪತಿ ಮರುಪರಿಶೀಲನೆಗೆ ಹಿಂದಿರುಗಿಸುವುದಾದರೆ ಆರು ವಾರದೊಳಗೆ ಹಿಂದಿರುಗಿಸಬೇಕು ಎಂದು ಸಂವಿಧಾನದ ಕರಡಿನಲ್ಲಿತ್ತು. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಆ ಆರು ವಾರವನ್ನು ತೆಗೆದು ‘ಆದಷ್ಟು ಬೇಗ’ ಎಂದು ಹಾಕಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಎದ್ದು ನಿಂತು ಇದನ್ನು ವಿರೋಧಿಸಿದರು. ತಿದ್ದುಪಡಿ ಗೆದ್ದಿತು, ಕಾಮತರು ಸೋತರು. ಗಡುವಿದ್ದ ವಾಕ್ಯದಿಂದ ಗಡುವನ್ನು ಕಿತ್ತು ಎಎಸ್‌ಎಪಿ ಅಂಟಿಸಿದ ಕೀರ್ತಿ ಯಾವ ಐಟಿ ಮ್ಯಾನೇಜರಿಗೂ ಮೊದಲು ನಮ್ಮ ಹಿರಿಯರಿಗೆ ಸಲ್ಲಬೇಕು.

ರಾಜ್ಯಪಾಲರ ಬಗ್ಗೆ ಹೇಳುವ 200ನೇ ವಿಧಿಯಲ್ಲೂ ಅದೇ ಮಾತಿದೆ. ಮಸೂದೆಗಳು ರಾಜಭವನದ ಮೇಜಿನ ಮೇಲೆ ವರ್ಷಗಟ್ಟಲೆ ಮಲಗಿದಾಗ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ‘ಆದಷ್ಟು ಬೇಗ’ವನ್ನು ತಿಂಗಳುಗಳಲ್ಲಿ ಬಿಡಿಸಿ ಹೇಳಿತು: ಇಂಥ ಸಂದರ್ಭದಲ್ಲಿ ಒಂದು ತಿಂಗಳು, ಇಂಥದರಲ್ಲಿ ಮೂರು ತಿಂಗಳು. ನಮ್ಮ ಹುಡುಗಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ, ಅವಳು ಬರೆದವರನ್ನು ಕೇಳಿ ಮಾಡಿದ್ದಳು ಅಷ್ಟೇ. ಅದೇ ವರ್ಷ ನವೆಂಬರಿನಲ್ಲಿ ಐವರ ಪೀಠ, ಸಂವಿಧಾನವೇ ಹಾಕದ ಗಡುವನ್ನು ಕೋರ್ಟು ಹಾಕಲಾಗದು ಎಂದು ಅಭಿಪ್ರಾಯಪಟ್ಟಿತು. ಕಾನೂನಿನ ತರ್ಕ ಅದಕ್ಕೆ ಇರಬಹುದು. ಬರೆದವರು ಹೇಳದ ಗಂಟೆಯನ್ನು ತಿದ್ದುವವರು ಹುಟ್ಟಿಸಬಾರದು ಎಂದು ನಾನೇ ಮೇಲೆ ಹೇಳಿದ್ದೇನೆ. ಆದರೆ 1949ರಲ್ಲಿ ಹೊಡೆದುಹಾಕಿದ ಗೀಟು ಎಷ್ಟು ಉದ್ದಕ್ಕೆ ಎಳೆಯುತ್ತದೆ ನೋಡಿ.

ಕರ್ನಾಟಕ ಸರ್ಕಾರ ಒಂದು ಸಲ ಸರಿಯಾದ ದಿಕ್ಕಿನಲ್ಲಿ ತಿದ್ದಿದ್ದೂ ಉಂಟು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನೇ ಸಾಗಹಾಕಿದ ನಾಡಿದು. ಸರ್ಕಾರಿ ಕೌಂಟರುಗಳು ಅದೇ ಉಪಾಯವನ್ನು ಮನುಷ್ಯರ ಮೇಲೂ ಪ್ರಯೋಗಿಸುತ್ತಿದ್ದವು. 2012ರಲ್ಲಿ ಜಾರಿಗೆ ಬಂದ ‘ಸಕಾಲ’ ಆ ನಾಳೆಗೆ ದಿನದ ಲೆಕ್ಕ ಕೊಟ್ಟಿತು. ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಅವಧಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಅಂದರೆ 25 ದಿನ ಕಳೆದ ಮೇಲೆ ಎಷ್ಟು ತಡಮಾಡಿದರೂ ಪುಕ್ಕಟೆ. ಗಡುವು ಹತ್ತಿರ ಬಂದಾಗ ‘ದಾಖಲೆ ಸರಿಯಿಲ್ಲ’ ಎಂದು ಅರ್ಜಿಯನ್ನೇ ತಿರಸ್ಕರಿಸಿ ಲೆಕ್ಕ ಚುಕ್ತಾ ಮಾಡುತ್ತಾರೆಂಬ ದೂರೂ ಹೊಸದಲ್ಲ. ಆದರೂ ಕೈಯಲ್ಲಿ ದಿನಾಂಕ ಹಿಡಿದು ನಿಂತವನಿಗೂ ‘ನಾಳೆ ಬಾ’ ಹಿಡಿದು ನಿಂತವನಿಗೂ ಕೌಂಟರಿನ ಆಚೆಯಿಂದ ಸಿಗುವ ಉತ್ತರದ ಧಾಟಿಯೇ ಬೇರೆ.

ಗಂಟೆ ಬರೆಯುವುದನ್ನು ಕಲಿತ ಕಚೇರಿಗಳಲ್ಲಿ ಹೊಸ ರೋಗವೊಂದು ಶುರುವಾಗುತ್ತದೆ. ಬೇಕಾದದ್ದು ಸೋಮವಾರ ಬೆಳಿಗ್ಗೆ, ಬರೆಯುವುದು ಶುಕ್ರವಾರ ಸಂಜೆ 5. ‘ಮಧ್ಯೆ ಸ್ವಲ್ಪ ಗ್ಯಾಪ್ ಇರಲಿ’ ಎಂಬ ದೂರದೃಷ್ಟಿ. ಎರಡು ಸಲ ನಡೆಯುತ್ತದೆ. ಮೂರನೇ ಸಲ ಶುಕ್ರವಾರ 5ಕ್ಕೆ ಕಳಿಸಿದ ಫೈಲನ್ನು ಸೋಮವಾರ 11ರವರೆಗೂ ಯಾರೂ ತೆರೆದಿಲ್ಲವೆಂದು ಸಿಸ್ಟಮ್ಮೇ ತೋರಿಸುತ್ತದೆ. ಅವತ್ತಿನಿಂದ ಶುಕ್ರವಾರ 5 ಎಂದರೆ ಸೋಮವಾರ 11 ಎಂದು ಟೀಮಿನವರು ತಮ್ಮೊಳಗೇ ಅನುವಾದ ಮಾಡಿಕೊಳ್ಳುತ್ತಾರೆ. ನಿಜವಾಗಿ ಶುಕ್ರವಾರ 5ಕ್ಕೇ ಬೇಕಾದ ದಿನ ಸಾಹೇಬರು ಅದರ ಪಕ್ಕ ‘ರಿಯಲ್ ಡೆಡ್‌ಲೈನ್’ ಎಂದು ಬರೆಯುತ್ತಾರೆ, ಇಷ್ಟು ದಿನ ಬರೆದದ್ದು ಏನೆಂದು ತಾವೇ ಒಪ್ಪಿಕೊಂಡಂತಾಗುತ್ತದೆ. ಈ ಹೊಸ ರೋಗದ ಇನ್ನೊಂದು ಲಕ್ಷಣ 4:37ರಂಥ ಗಡುವು. ಏಳು ನಿಮಿಷಕ್ಕೆ ಕಾರಣ ಹೇಳಲಾಗದಿದ್ದರೆ ಅದು ನಿಖರತೆಯಲ್ಲ, ಶೋಕಿ.

ಗಂಟೆ ಹೇಳಲು ನಿಜವಾಗಿಯೂ ಸಾಧ್ಯವಿಲ್ಲದ ಸಂದರ್ಭವೂ ಇದೆ. ಸರ್ವರ್ ಕೆಟ್ಟಿದೆ, ಯಾಕೆ ಕೆಟ್ಟಿತೆಂದು ಇನ್ನೂ ಗೊತ್ತಿಲ್ಲ. ಆಗ ‘ಶೀಘ್ರದಲ್ಲೇ ಸರಿಹೋಗುತ್ತದೆ’ ಎಂಬುದೂ ಸುಳ್ಳು, ‘4 ಗಂಟೆಗೆ ಸರಿಹೋಗುತ್ತದೆ’ ಎಂಬುದು ಇನ್ನೂ ದೊಡ್ಡ ಸುಳ್ಳು. ಈ ಕೆಲಸ ಬಲ್ಲವರು ಬರೆಯುವುದು ಹೀಗೆ: “ಯಾವಾಗ ಸರಿಹೋಗುತ್ತದೆಂದು ಈಗ ಹೇಳಲಾರೆವು. ಮುಂದಿನ ಸುದ್ದಿ 4:30ಕ್ಕೆ.” 4:30ಕ್ಕೆ ಸುದ್ದಿ ಏನೂ ಇಲ್ಲದಿದ್ದರೂ ‘ಏನೂ ಇಲ್ಲ, ಮುಂದಿನದು 5:00ಕ್ಕೆ’ ಎಂದು ಬರೆಯುತ್ತಾರೆ. ರಿಪೇರಿಯ ಹೊತ್ತು ಯಂತ್ರದ ಕೈಯಲ್ಲಿದೆ, ಸುದ್ದಿ ಕೊಡುವ ಹೊತ್ತು ನಮ್ಮ ಕೈಯಲ್ಲಿದೆ. ಇಷ್ಟು ಸರಳವಾದದ್ದನ್ನು ನಮ್ಮ ಬಡಾವಣೆಗಳಲ್ಲಿ ಕರೆಂಟ್ ಹೋದಾಗ ಫೋನ್ ಎತ್ತುವವರು ಕಲಿತರೆ ಅರ್ಧ ಊರು ‘ಈಗ ಬರುತ್ತೆ ಸಾರ್’ ಎಂಬ ಮಾತು ನಂಬಿ ಕತ್ತಲಲ್ಲಿ ಕೂರಬೇಕಿಲ್ಲ.

ಓದುಗರಲ್ಲಿ ಎಎಸ್‌ಎಪಿ ಬರೆಯುವವರಿಗಿಂತ ಬರೆಸಿಕೊಳ್ಳುವವರೇ ಹೆಚ್ಚಿರುತ್ತಾರೆ. ಅವರಿಗೊಂದು ಮಾತು. ‘ಯಾವಾಗ ಬೇಕು ಸರ್?’ ಎಂದು ಬರಿದೇ ಕೇಳಬೇಡಿ. ‘ಆದಷ್ಟು ಬೇಗ’ ಎಂಬ ಉತ್ತರವೇ ಮತ್ತೆ ಬರುತ್ತದೆ. ನೀವೇ ಗಂಟೆ ಹಾಕಿ ಕಳಿಸಿ: “ಸರ್, ಶುಕ್ರವಾರ ಸಂಜೆ 4:30ಕ್ಕೆ ಕೊಡುತ್ತೇನೆ. ಅದಕ್ಕೆ ಮುಂಚೆ ಬೇಕಿದ್ದರೆ ಇವತ್ತು 6ರೊಳಗೆ ಹೇಳಿ.” ಹೇಳಿದರೆ ನಿಜವಾದ ಗಡುವು ಸಿಕ್ಕಿತು. ಹೇಳದಿದ್ದರೆ 4:30ಕ್ಕೇ ಕೊಡಿ, ಒಂದು ನಿಮಿಷ ತಡಮಾಡಬೇಡಿ. ಆ ಮೆಸೇಜನ್ನು ಮಾತ್ರ ಅಪ್ರೈಸಲ್ ಮುಗಿಯುವ ತನಕ ಡಿಲೀಟ್ ಮಾಡಬೇಡಿ.